ಇಂಗ್ಲೆಂಡಿನ ಪ್ರವೇಶವನ್ನು ಒಂದು ವರ್ಷ ಮುಂದೂಡಲು ಕೇಳಬೇಕು. ಪತ್ರದ ಕರಡು ನೋಡಿ ಹೇಳುವಿರಾ?

ವಾಶಿ ಹುಡುಗಿ · ಜುಲೈ 11, 2025, ರಾತ್ರಿ 10:20

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನ ಒಂದು ವಿಶ್ವವಿದ್ಯಾಲಯದಲ್ಲಿ ಒಂದು ವರ್ಷದ ಎಂಎಸ್ಸಿಗೆ ನನಗೆ ಪ್ರವೇಶ ಸಿಕ್ಕಿದೆ. ತರಗತಿ ಸೆಪ್ಟೆಂಬರ್ 22ಕ್ಕೆ ಆರಂಭ. ಪೂರೈಸಬೇಕಾದ ಷರತ್ತು ಯಾವುದೂ ಉಳಿದಿಲ್ಲ. ಠೇವಣಿ 2,000 ಪೌಂಡನ್ನು ಏಪ್ರಿಲ್‌ನಲ್ಲಿಯೇ ಕಟ್ಟಿದ್ದೇವೆ. 3,000 ಪೌಂಡಿನ ವಿದ್ಯಾರ್ಥಿವೇತನವನ್ನೂ ಕೊಟ್ಟಿದ್ದಾರೆ.

ಅಪ್ಪ ಚೆಂಬೂರಿನಲ್ಲಿ ಸಣ್ಣದೊಂದು ಹೋಟೆಲು ನಡೆಸುತ್ತಾರೆ. ಕಳೆದ ವಾರ ಆಂಜಿಯೋಗ್ರಾಂ ಆಯಿತು, ಬೈಪಾಸ್ ಆಗಲೇಬೇಕೆಂದರು. ಆಗಸ್ಟ್ 6ಕ್ಕೆ ದಿನ ಗೊತ್ತಾಗಿದೆ. ಅಮ್ಮ ಆಸ್ಪತ್ರೆಯಲ್ಲಿ ನಿಂತರೆ ಗಲ್ಲಾದಲ್ಲಿ ಕೂರುವವಳು ನಾನೇ. ಆದ್ದರಿಂದ 2026ರ ಸೆಪ್ಟೆಂಬರ್‌ಗೆ ಪ್ರವೇಶವನ್ನು ಮುಂದೂಡಿಸಿಕೊಳ್ಳೋಣವೆಂದು ಯೋಚನೆ.

ಪ್ರವೇಶ ವಿಭಾಗಕ್ಕೆ ಒಂದು ಇ-ಮೇಲ್ ಬರೆದಿಟ್ಟಿದ್ದೇನೆ, ಕಳುಹಿಸಿಲ್ಲ. ಇಂಗ್ಲಿಷಿನಲ್ಲಿ ಎರಡು ಪುಟ ಬಂದಿದೆ. ಸಾರಾಂಶ ಹೀಗಿದೆ. ವಿಷಯದ ಸಾಲಿನಲ್ಲಿ ‘ತುರ್ತು, ದಯವಿಟ್ಟು ಸಹಾಯ ಮಾಡಿ’ ಎಂದಿದೆ. ಮೊದಲು ಅವರ ಕ್ಷೇಮ ವಿಚಾರಿಸಿದ್ದೇನೆ. ಆಮೇಲೆ ಅಪ್ಪ ಕಾರ್ಕಳದಿಂದ ಮುಂಬಯಿಗೆ ಬಂದು ಕಪ್ಪು ತೊಳೆಯುವ ಕೆಲಸದಿಂದ ಮೇಲೆ ಬಂದದ್ದು, ಈ ಕೋರ್ಸ್ ನನ್ನ ಬಾಲ್ಯದ ಕನಸು ಎಂಬುದು, ಕಾಯಿಲೆಯ ವಿವರ, ‘ನಾನು ಈ ವರ್ಷ ಬರಲು ಸಾಧ್ಯವೇ ಇಲ್ಲ, ನನ್ನ ಭವಿಷ್ಯ ನಿಮ್ಮ ಕೈಯಲ್ಲಿದೆ’ ಎಂಬ ಮಾತು, ಕೊನೆಯಲ್ಲಿ ಏಳು ಪ್ರಶ್ನೆಗಳು. ಆಸ್ಪತ್ರೆಯ 14 ಪುಟಗಳ ವರದಿಯನ್ನು ಲಗತ್ತಿಸಿದ್ದೇನೆ. ಕೋರ್ಸಿನ ಮುಖ್ಯಸ್ಥರಾದ ಪ್ರೊಫೆಸರಿಗೂ ಒಂದು ಪ್ರತಿ ಹೋಗುವಂತೆ ಅವರ ವಿಳಾಸ ಸೇರಿಸಿದ್ದೇನೆ. ಇದು ಸರಿಯೇ?

ಮಾಟುಂಗಾ ಮಾವ · ಜುಲೈ 11, ರಾತ್ರಿ 10:48

ಮಗಳೇ, ಹೆದರಬೇಡ. ಶುಲ್ಕವನ್ನು ತಡವಾಗಿ ಕಟ್ಟುತ್ತೇವೆಂದರೆ ಯಾರೂ ಸೀಟು ಕಿತ್ತುಕೊಳ್ಳುವುದಿಲ್ಲ. ಬ್ಯಾಂಕಿನ ವ್ಯವಸ್ಥಾಪಕರನ್ನು ಕಂಡು ಶಿಕ್ಷಣ ಸಾಲದ ಕಂತನ್ನು ಎರಡಾಗಿ ಮಾಡಿಸಿಕೊಂಡರೆ ಆಯಿತು.

ವಾಶಿ ಹುಡುಗಿ · ಜುಲೈ 11, ರಾತ್ರಿ 10:55

ಮಾವ, ಮುಂದೂಡಬೇಕಾಗಿರುವುದು ಶುಲ್ಕವನ್ನಲ್ಲ, ಓದನ್ನೇ. ಈ ವರ್ಷದ ಬದಲು ಮುಂದಿನ ವರ್ಷ ಹೋಗುವುದು.

ಮಾಟುಂಗಾ ಮಾವ · ಜುಲೈ 11, ರಾತ್ರಿ 11:02

ಓಹೋ, ಹಾಗೋ. ಹಾಗಿದ್ದರೆ ನನ್ನ ಹೆಸರಿನಲ್ಲಿಯೇ ಒಂದು ಪತ್ರ ಬರೆಯುತ್ತೇನೆ. ಮೂವತ್ತು ವರ್ಷ ಕಂಪನಿಯಲ್ಲಿ ಪತ್ರವ್ಯವಹಾರ ನೋಡಿಕೊಂಡವನು ನಾನು. ಹಿರಿಯರು ಬರೆದರೆ ತೂಕ ಇರುತ್ತದೆ.

ಪಣಜಿ ಪಾಟೀಲ · ಜುಲೈ 12, ಬೆಳಗ್ಗೆ 7:40

ಒಂದು ಎಚ್ಚರಿಕೆ. ಐಇಎಲ್‌ಟಿಎಸ್ ಇಂಗ್ಲಿಷ್ ಪರೀಕ್ಷೆಯ ಅಂಕಪಟ್ಟಿಗೆ ಎರಡೇ ವರ್ಷ ಆಯುಸ್ಸು. ಒಂದು ವರ್ಷ ಮುಂದೂಡಿದರೆ ಅದು ಸತ್ತುಹೋಗುತ್ತದೆ, ಮತ್ತೆ ಪರೀಕ್ಷೆ ಬರೆಯಬೇಕು. ನನ್ನ ತಂಗಿಗೆ ಹಾಗೆಯೇ ಆಯಿತು. ಇನ್ನೊಂದು ಮಾತು, ಕಾರಣ ಹೇಳಲು ಹೋಗಬೇಡಿ. ‘ವೈಯಕ್ತಿಕ ಕಾರಣ’ ಎಂದರೆ ಸಾಕು. ಅವರು ಖಾಸಗಿತನವನ್ನು ಗೌರವಿಸುತ್ತಾರೆ, ಕೆದಕುವುದಿಲ್ಲ.

ಹಡಪ್ಸರ್ ಅಮ್ಮ · ಜುಲೈ 12, ಬೆಳಗ್ಗೆ 9:15

ನನ್ನ ಮಗ ಜರ್ಮನಿಗೆ ಹೋಗುವವನಿದ್ದ. ಕಾಲು ಮುರಿದುಕೊಂಡ. ಮುಂದೂಡಿ ಎಂದು ಕೇಳಿದರೆ ಎರಡೇ ಸಾಲಿನ ಉತ್ತರ ಬಂತು: ಪ್ರವೇಶ ಪತ್ರ ಈ ಸೆಮಿಸ್ಟರಿಗೆ ಮಾತ್ರ, ಮುಂದಿನ ಸಲ ಹೊಸದಾಗಿ ಅರ್ಜಿ ಹಾಕಿ. ನಾವು ಅಳುತ್ತಾ ಮೂರು ಸಲ ಬರೆದೆವು, ಮೂರು ಸಲವೂ ಅದೇ ಎರಡು ಸಾಲು. ಈ ಹುಡುಗಿಗೂ ಹಾಗಾಗದಿರಲಿ.

ಔಂಧ್ ಅಕ್ಕ · ಜುಲೈ 12, ಮಧ್ಯಾಹ್ನ 12:30

ನಾನು ಪುಣೆಗೆ ಮರಳುವ ಮೊದಲು ಇಂಗ್ಲೆಂಡಿನ ಒಂದು ವಿಶ್ವವಿದ್ಯಾಲಯದ ಪ್ರವೇಶ ವಿಭಾಗದಲ್ಲಿ ಆರು ವರ್ಷ ಕೆಲಸ ಮಾಡಿದ್ದೇನೆ. ಇಂಥ ಪತ್ರಗಳನ್ನು ದಿನವೂ ತೆರೆದವಳು. ಹಾಗಾಗಿ ಸ್ವಲ್ಪ ನಿಷ್ಠುರವಾಗಿ ಹೇಳುತ್ತೇನೆ, ಬೇಸರಿಸಬೇಡ ತಂಗೀ.

ಜರ್ಮನಿಯನ್ನು ಬದಿಗಿಡೋಣ. ಅಲ್ಲಿನ ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ಸಾಮಾನ್ಯವಾಗಿ ಪ್ರವೇಶ ಆ ಸೆಮಿಸ್ಟರಿಗಷ್ಟೇ. ಇಂಗ್ಲೆಂಡಿನಲ್ಲಿ ಅದು ಆಯಾ ವಿಶ್ವವಿದ್ಯಾಲಯದ, ಕೆಲವೊಮ್ಮೆ ಆಯಾ ಕೋರ್ಸಿನ ತೀರ್ಮಾನ. ಕೇಳಬಹುದು, ಆದರೆ ಅದು ನಮ್ಮ ಹಕ್ಕಲ್ಲ.

ನಿನ್ನ ಪತ್ರ ಅಲ್ಲಿ ಹೇಗೆ ತೆರೆಯುತ್ತದೆ ಎಂಬುದನ್ನು ಕಣ್ಣ ಮುಂದೆ ತಂದುಕೋ. ಅದು ಒಂದು ಸರತಿಗೆ ಬಂದು ಬೀಳುತ್ತದೆ, ಅದಕ್ಕೊಂದು ಸಂಖ್ಯೆ ಹತ್ತುತ್ತದೆ. ತೆರೆಯುವವಳು ತೀರ್ಮಾನ ಮಾಡುವವಳಲ್ಲ. ನಿನ್ನ ಕಡತವನ್ನು ಹುಡುಕಿ ತೆಗೆದು, ಏನು ಕೇಳಿದ್ದಾಳೆಂದು ಒಂದು ಸಾಲು ಬರೆದು, ತೀರ್ಮಾನ ಮಾಡುವವರಿಗೆ ದಾಟಿಸುವವಳು. ಅವಳ ಬಳಿ ನಿನಗಾಗಿ ಮೂರೋ ನಾಲ್ಕೋ ನಿಮಿಷ ಇರುತ್ತದೆ. ಅರ್ಜಿ ಸಂಖ್ಯೆ ಇಲ್ಲದಿದ್ದರೆ ಆ ನಿಮಿಷಗಳೆಲ್ಲ ಹೆಸರು ಹುಡುಕುವುದರಲ್ಲೇ ಮುಗಿಯುತ್ತವೆ. ನಮ್ಮವರ ಹೆಸರುಗಳಲ್ಲಂತೂ ಊರು, ಅಪ್ಪನ ಹೆಸರು, ಮನೆತನ ಎಲ್ಲವೂ ಸೇರಿಕೊಂಡು, ಅರ್ಜಿಯಲ್ಲೊಂದು ಕ್ರಮ, ಇ-ಮೇಲಿನಲ್ಲೊಂದು ಕ್ರಮ ಇರುತ್ತದೆ. ಪಾಸ್‌ಪೋರ್ಟಿನಲ್ಲಿ ಇರುವ ಹಾಗೆಯೇ ಬರೆ. ಅರ್ಜಿ ಸಂಖ್ಯೆ, ಹೆಸರು, ಕೋರ್ಸು, ಆರಂಭದ ತಿಂಗಳು, ಇವೆಲ್ಲ ವಿಷಯದ ಸಾಲಿನಲ್ಲಿಯೇ ಇರಲಿ. ‘ತುರ್ತು’ ಎಂಬುದನ್ನು ತೆಗೆ. ಜುಲೈಯಲ್ಲಿ ಅಲ್ಲಿಗೆ ಬರುವ ಅರ್ಧದಷ್ಟು ಪತ್ರಗಳ ತಲೆಯ ಮೇಲೆ ಅದೇ ಇರುತ್ತದೆ.

ಈಗ ನಿನ್ನ ಕರಡಿನಲ್ಲಿ ನನ್ನನ್ನು ನಿಜವಾಗಿ ಹೆದರಿಸಿದ ವಾಕ್ಯ: ‘ನಾನು ಈ ವರ್ಷ ಬರಲು ಸಾಧ್ಯವೇ ಇಲ್ಲ.’ ನೀನು ಅದನ್ನು ದುಃಖದಲ್ಲಿ ಬರೆದೆ. ಓದುವವಳಿಗೆ ಅದು ಒಂದು ಸಂಗತಿ. ಮುಂದೂಡಲು ಒಪ್ಪಿಗೆ ಸಿಗದಿದ್ದರೆ ನೀನು ಸೀಟನ್ನು ಬಿಟ್ಟಿದ್ದೀಯೆಂದು ಅವಳು ಅರ್ಥಮಾಡಿಕೊಂಡರೆ ತಪ್ಪು ಅವಳದಲ್ಲ. ಪೋರ್ಟಲ್‌ನಲ್ಲಿಯೂ ‘ಮುಂದೂಡು’, ‘ಹಿಂತೆಗೆದುಕೋ’ ಎಂಬ ಆಯ್ಕೆಗಳು ಅಕ್ಕಪಕ್ಕದಲ್ಲಿಯೇ ಇರುತ್ತವೆ. ಅವಸರದಲ್ಲಿ ಎರಡನೆಯದನ್ನು ಒತ್ತಿದವರನ್ನು ನೋಡಿದ್ದೇನೆ.

ಆದ್ದರಿಂದ ಬರೆಯುವ ಮೊದಲು ನೀನು ಮನೆಯಲ್ಲಿ ಕೂತು ತೀರ್ಮಾನಿಸಬೇಕಾದ್ದು ಒಂದೇ. ಅವರು ‘ಆಗುವುದಿಲ್ಲ’ ಎಂದರೆ ಏನು ಮಾಡುತ್ತೀ? ಈ ಸೆಪ್ಟೆಂಬರಿಗೇ ಹೋಗುತ್ತೀಯೋ, ಸೀಟು ಬಿಡುತ್ತೀಯೋ? ಅದನ್ನು ತಿಳಿಸು, ಉಳಿದದ್ದನ್ನು ಆಮೇಲೆ ಹೇಳುತ್ತೇನೆ. ಐಇಎಲ್‌ಟಿಎಸ್ ಪರೀಕ್ಷೆಯ ದಿನಾಂಕ ಯಾವುದು? ವೀಸಾ ಅರ್ಜಿಗೆಂದು ವಿಶ್ವವಿದ್ಯಾಲಯ ಕೊಡುವ ಪ್ರವೇಶ ದೃಢೀಕರಣ, ಅಂದರೆ ಕ್ಯಾಸ್, ಬಂದಿದೆಯೇ?

ವಾಶಿ ಹುಡುಗಿ · ಜುಲೈ 12, ರಾತ್ರಿ 9:50

ಅಕ್ಕಾ, ಧನ್ಯವಾದ. ಮನೆಯಲ್ಲಿ ಮಾತಾಡಿದೆವು. ನನಗಿಂತ ಮೊದಲು ಅಪ್ಪನೇ ಉತ್ತರ ಕೊಟ್ಟರು: ‘ಅವರು ಆಗದೆಂದರೆ ನೀನು ಹೋಗು, ಗಲ್ಲಾಕ್ಕೆ ಭಾವನನ್ನು ಉಡುಪಿಯಿಂದ ಕರೆಸುತ್ತೇನೆ.’ ಹಾಗಾಗಿ ಒಪ್ಪಿಗೆ ಸಿಗದಿದ್ದರೆ ಹೋಗುತ್ತೇನೆ.

ಐಇಎಲ್‌ಟಿಎಸ್ ಬರೆದದ್ದು 2024ರ ಅಕ್ಟೋಬರ್ 12ರಂದು. ಕ್ಯಾಸ್ ಬಂದಿಲ್ಲ. ಆದರೆ ಅದಕ್ಕೆ ಬೇಕಾದ ಫಾರ್ಮ್ ಅನ್ನು ಜೂನ್ 30ಕ್ಕೆ ತುಂಬಿ ಕಳುಹಿಸಿದ್ದೇನೆ. ವೀಸಾಕ್ಕೆ ಬೇಕಾದ ಕ್ಷಯ ಪರೀಕ್ಷೆಯೂ ಆಗಿದೆ. ವೀಸಾಕ್ಕೆ ಅರ್ಜಿ ಹಾಕಿಲ್ಲ.

ಔಂಧ್ ಅಕ್ಕ · ಜುಲೈ 13, ಬೆಳಗ್ಗೆ 10:05

ಅಪ್ಪ ನಿನ್ನ ಕೆಲಸವನ್ನು ಹಗುರ ಮಾಡಿದ್ದಾರೆ. ಹಾಗಾದರೆ ಪತ್ರದಲ್ಲಿ ಈ ವಾಕ್ಯ ಇರಲೇಬೇಕು: ಮುಂದೂಡುವುದು ಸಾಧ್ಯವಾಗದಿದ್ದರೆ ಈ ಸೆಪ್ಟೆಂಬರಿನ ನನ್ನ ಸ್ಥಾನವನ್ನು ಉಳಿಸಿಕೊಳ್ಳಲು ಬಯಸುತ್ತೇನೆ. ಪತ್ರದಲ್ಲಿ ಇದಕ್ಕಿಂತ ಬೆಲೆಬಾಳುವ ಸಾಲು ಇನ್ನೊಂದಿಲ್ಲ.

ಪಾಟೀಲರು ಎರಡು ವರ್ಷ ಎಂದದ್ದು ಸರಿ, ಲೆಕ್ಕ ಹಾಕುವುದನ್ನು ಮಾತ್ರ ಬಿಟ್ಟರು. 2024ರ ಅಕ್ಟೋಬರ್ 12ರ ಪರೀಕ್ಷೆ 2026ರ ಅಕ್ಟೋಬರ್‌ವರೆಗೆ ನಡೆಯುತ್ತದೆ. ತರಗತಿ ಸೆಪ್ಟೆಂಬರ್ ಕೊನೆಗೆ ಆರಂಭವಾದರೆ ಸುಮಾರು ಮೂರು ವಾರ ಮಿಗುತ್ತದೆ. ಹೆಚ್ಚಿನ ಕಡೆ ಕೋರ್ಸ್ ಆರಂಭವಾಗುವ ದಿನಕ್ಕೆ ಅಂಕಪಟ್ಟಿ ಜೀವಂತವಿರಬೇಕು ಎನ್ನುತ್ತಾರೆ. ನಿನ್ನ ವಿಶ್ವವಿದ್ಯಾಲಯ ಏನೆನ್ನುತ್ತದೆಂದು ಅದರ ಭಾಷಾ ಅರ್ಹತೆಯ ಪುಟದಲ್ಲಿಯೇ ನೋಡು, ಪತ್ರದಲ್ಲಿ ಕೇಳಬೇಡ. ಕ್ಷಯ ಪರೀಕ್ಷೆಯ ಪ್ರಮಾಣಪತ್ರಕ್ಕೆ ಆರೇ ತಿಂಗಳು. ಅದು ಹೋಯಿತೆಂದು ತಿಳಿದುಕೋ, ಮುಂದಿನ ವರ್ಷ ಮತ್ತೆ ಮಾಡಿಸಬೇಕು.

ಕ್ಯಾಸ್ ಬಗ್ಗೆ. ಫಾರ್ಮ್ ಕಳುಹಿಸಿದ್ದನ್ನು ಮುಚ್ಚಿಡಬೇಡ. ವಿಶ್ವವಿದ್ಯಾಲಯಕ್ಕೆ ವರ್ಷಕ್ಕೆ ಇಷ್ಟೇ ಕ್ಯಾಸ್ ಎಂದು ಅಲ್ಲಿನ ಸರಕಾರ ಮಿತಿ ಹಾಕಿರುತ್ತದೆ, ಹಾಗಾಗಿ ಲೆಕ್ಕವಿಟ್ಟು ಕೊಡುತ್ತಾರೆ. ಒಂದು ಮೇಜಿನಲ್ಲಿ ನಿನ್ನ ಮುಂದೂಡಿಕೆಯ ಮನವಿ, ಇನ್ನೊಂದು ಮೇಜಿನಲ್ಲಿ ನಿನ್ನ ಕ್ಯಾಸ್ ಸಿದ್ಧವಾಗುವುದು, ಇವೆರಡೂ ಒಂದಕ್ಕೊಂದು ಗೊತ್ತಿಲ್ಲದೆ ನಡೆಯಬಹುದು. ಫಾರ್ಮ್ ಕಳುಹಿಸಿದ ದಿನಾಂಕ ಬರೆದರೆ ಅವರೇ ಜೋಡಿಸಿಕೊಳ್ಳುತ್ತಾರೆ. ನಡುವೆ ಕ್ಯಾಸ್ ಬಂದೇಬಿಟ್ಟರೆ ಅದನ್ನು ಬಳಸಿ ವೀಸಾ ಅರ್ಜಿ ಹಾಕಬೇಡ, ತೀರ್ಮಾನಕ್ಕೆ ಕಾದಿರು. ಮುಂದೂಡಿದರೆ ಅವರು ಅದನ್ನು ಹಿಂತೆಗೆದುಕೊಂಡು ಮುಂದಿನ ವರ್ಷ ಹೊಸದು ಕೊಡುತ್ತಾರೆ. ಆರು ತಿಂಗಳಿಗೆ ಮುಗಿದುಹೋಗುವ ಕ್ಯಾಸ್ ಮುಂದಿನ ವರ್ಷಕ್ಕೆ ಹೇಗೂ ಬಾರದು.

ಕಾರಣ ಹೇಳಬಾರದೆಂಬ ಮಾತನ್ನು ನಾನು ಒಪ್ಪುವುದಿಲ್ಲ. ‘ವೈಯಕ್ತಿಕ ಕಾರಣ’ ಎಂದು ಬರೆದವರಿಗೆ ‘ಏನು ಕಾರಣ?’ ಎಂದು ಮರುಪತ್ರ ಬರೆಯುವುದೇ ನನ್ನ ಕೆಲಸವಾಗಿತ್ತು. ಒಂದು ಸುತ್ತು ಹೆಚ್ಚಾಗುತ್ತದೆ, ಹತ್ತು ದಿನ ಹೋಗುತ್ತದೆ. ಒಂದು ವಾಕ್ಯದಲ್ಲಿ ಹೇಳು. ಇದ್ದಷ್ಟನ್ನೇ ಹೇಳು. ‘ಶಸ್ತ್ರಚಿಕಿತ್ಸೆ ನಿಗದಿಯಾಗಿದೆ’ ಎಂಬುದು ನಿಜ. ‘ವೈದ್ಯರು ನಾನು ಇಲ್ಲಿಯೇ ಇರಬೇಕೆಂದಿದ್ದಾರೆ’ ಎಂದರೆ, ಹಾಗೆ ಬರೆದ ಪತ್ರವನ್ನು ಕೇಳಿದಾಗ ಎಲ್ಲಿಂದ ತರುತ್ತೀ? ವರದಿಯ 14 ಪುಟವನ್ನು ತೆಗೆದುಬಿಡು. ಅದರಲ್ಲಿರುವುದು ನಿನ್ನ ಅಪ್ಪನ ಆರೋಗ್ಯದ ಗುಟ್ಟು, ಯಾರೂ ಕೇಳದೆ ಕಳುಹಿಸುವಂಥದ್ದಲ್ಲ. ಬೇಕಾದರೆ ಆಸ್ಪತ್ರೆಯ ಪತ್ರ ಕೊಡುತ್ತೇನೆ ಎಂದರೆ ಸಾಕು.

ಮಾವನವರ ಪತ್ರ ಎಷ್ಟು ಚೆನ್ನಾಗಿದ್ದರೂ ಪ್ರಯೋಜನವಿಲ್ಲ. ಅಲ್ಲಿನ ಮಾಹಿತಿ ರಕ್ಷಣೆಯ ಕಾನೂನಿನಂತೆ ಅರ್ಜಿದಾರಳ ಒಪ್ಪಿಗೆ ಕಡತದಲ್ಲಿ ಇಲ್ಲದೆ ಬೇರೆಯವರೊಂದಿಗೆ ಅವರು ಮಾತಾಡುವಂತಿಲ್ಲ, ಹೆತ್ತವರಾದರೂ ಅಷ್ಟೇ. ಅರ್ಜಿಯಲ್ಲಿ ಕೊಟ್ಟಿರುವ ಇ-ಮೇಲ್ ವಿಳಾಸದಿಂದಲೇ ನೀನೇ ಬರೆಯಬೇಕು. ಪ್ರೊಫೆಸರಿಗೆ ಪ್ರತಿ ಬೇಡ. ಅವರು ಅದನ್ನು ಮತ್ತೆ ಪ್ರವೇಶ ವಿಭಾಗಕ್ಕೇ ದಾಟಿಸುತ್ತಾರೆ, ಒಂದೇ ಮನವಿಗೆ ಎರಡು ಸಂಖ್ಯೆ ಬೀಳುತ್ತದೆ.

ಏಳು ಪ್ರಶ್ನೆಗಳಲ್ಲಿ ಎಷ್ಟಕ್ಕೆ ಅವರ ಪುಟದಲ್ಲಿಯೇ ಉತ್ತರವಿದೆ? ಮೊದಲು ನಿನ್ನ ಪ್ರವೇಶ ಪತ್ರದ ನಿಯಮಗಳನ್ನು ತೆರೆದು ನೋಡು.

ಮಾಟುಂಗಾ ಮಾವ · ಜುಲೈ 13, ಬೆಳಗ್ಗೆ 11:20

ಒಪ್ಪಿದೆ. ನನ್ನ ಕಾಲದಲ್ಲಿ ಅಪ್ಪಂದಿರೇ ಎಲ್ಲ ಬರೆಯುತ್ತಿದ್ದರು. ಆದರೂ ಕ್ಷೇಮ ವಿಚಾರಿಸದೆ ನೇರವಾಗಿ ಕೇಳಿದರೆ ಒರಟಾಗುವುದಿಲ್ಲವೇ?

ಔಂಧ್ ಅಕ್ಕ · ಜುಲೈ 13, ಬೆಳಗ್ಗೆ 11:31

ಇಲ್ಲ ಸರ್. ಅವರ ಸಮಯ ಉಳಿಸಿದರೆ ಅದೇ ಮರ್ಯಾದೆ. ಕೊನೆಗೆ ಒಂದು ಧನ್ಯವಾದ ಇದ್ದರೆ ಸಾಕು.

ವಾಶಿ ಹುಡುಗಿ · ಜುಲೈ 13, ರಾತ್ರಿ 11:10

ಪ್ರವೇಶ ಪತ್ರದ ನಿಯಮಗಳಲ್ಲಿ ಮುಂದೂಡಿಕೆಗೆ ಒಂದು ಪರಿಚ್ಛೇದವೇ ಇದೆ. ನಾಚಿಕೆಯಾಯಿತು. ಒಂದೇ ಸಲ, ಒಂದೇ ವರ್ಷಕ್ಕೆ ಕೇಳಬಹುದು. ಆಗಸ್ಟ್ 31ರ ಒಳಗೆ ಕೇಳಬೇಕು. ಠೇವಣಿ ಮುಂದಿನ ವರ್ಷಕ್ಕೆ ಹೋಗುತ್ತದೆ. ಆದರೆ ಶುಲ್ಕ ಆ ವರ್ಷದ ದರದಲ್ಲಿ. ಐಇಎಲ್‌ಟಿಎಸ್ ಕೋರ್ಸ್ ಆರಂಭದ ದಿನಕ್ಕೆ ಎರಡು ವರ್ಷದೊಳಗಿರಬೇಕು ಎಂದೂ ಸಿಕ್ಕಿತು. ಏಳರಲ್ಲಿ ಉಳಿದದ್ದು ಒಂದೇ ಪ್ರಶ್ನೆ: ವಿದ್ಯಾರ್ಥಿವೇತನ ಜೊತೆಗೆ ಬರುತ್ತದೆಯೇ?

ಹೊಸ ಕರಡಿನ ಕನ್ನಡ ರೂಪ ಇದು:

> ವಿಷಯ: ಪ್ರವೇಶ ಮುಂದೂಡಿಕೆಗೆ ಮನವಿ, ಅರ್ಜಿ ಸಂಖ್ಯೆ, ಪೂರ್ಣ ಹೆಸರು, ಎಂಎಸ್ಸಿ, ಸೆಪ್ಟೆಂಬರ್ 2025
>
> ಪ್ರವೇಶ ವಿಭಾಗಕ್ಕೆ,
>
> ಮೇಲಿನ ಕೋರ್ಸಿಗೆ ಷರತ್ತಿಲ್ಲದ ಪ್ರವೇಶವನ್ನು ಒಪ್ಪಿಕೊಂಡು ಠೇವಣಿ ಕಟ್ಟಿದ್ದೇನೆ. ಇದನ್ನು ಸೆಪ್ಟೆಂಬರ್ 2026ಕ್ಕೆ ಮುಂದೂಡುವುದನ್ನು ಪರಿಗಣಿಸಬೇಕೆಂದು ಕೋರುತ್ತೇನೆ.
>
> ನನ್ನ ತಂದೆಗೆ ಆಗಸ್ಟ್ 6ರಂದು ಹೃದಯದ ಶಸ್ತ್ರಚಿಕಿತ್ಸೆ ನಿಗದಿಯಾಗಿದೆ. ಅವರು ಚೇತರಿಸಿಕೊಳ್ಳುವ ತಿಂಗಳುಗಳಲ್ಲಿ ಮನೆಯವರಿಗೆ ನೆರವಾಗಲು ಇಲ್ಲಿರಲು ಬಯಸುತ್ತೇನೆ. ಅಗತ್ಯವಿದ್ದರೆ ಆಸ್ಪತ್ರೆಯ ಪತ್ರ ಒದಗಿಸುತ್ತೇನೆ.
>
> ಜೂನ್ 30ರಂದು ಕ್ಯಾಸ್ ಫಾರ್ಮ್ ಸಲ್ಲಿಸಿದ್ದೇನೆ. ಕ್ಯಾಸ್ ಇನ್ನೂ ಬಂದಿಲ್ಲ, ವೀಸಾಕ್ಕೆ ಅರ್ಜಿ ಹಾಕಿಲ್ಲ. ಮುಂದೂಡುವುದು ಸಾಧ್ಯವಾಗದಿದ್ದರೆ ಸೆಪ್ಟೆಂಬರ್ 2025ರ ಸ್ಥಾನವನ್ನು ಉಳಿಸಿಕೊಳ್ಳಲು ಬಯಸುತ್ತೇನೆ.
>
> ಮುಂದೂಡಿಕೆಯ ನಿಯಮಗಳನ್ನು ಓದಿದ್ದೇನೆ. ನನಗೆ ದೊರೆತಿರುವ 3,000 ಪೌಂಡಿನ ವಿದ್ಯಾರ್ಥಿವೇತನ ಸೆಪ್ಟೆಂಬರ್ 2026ಕ್ಕೂ ಅನ್ವಯಿಸುತ್ತದೆಯೇ ಎಂಬುದು ಅಲ್ಲಿ ಕಾಣಲಿಲ್ಲ. ತಿಳಿಸುವಿರಾ?
>
> ಧನ್ಯವಾದಗಳೊಂದಿಗೆ,
> ಹೆಸರು, ಅರ್ಜಿ ಸಂಖ್ಯೆ

ಪಣಜಿ ಪಾಟೀಲ · ಜುಲೈ 14, ಬೆಳಗ್ಗೆ 8:05

ಲೆಕ್ಕ ಹಾಕದೆ ಹೇಳಿದ್ದು ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ. ತಂಗಿಯ ಪರೀಕ್ಷೆ ಜೂನ್‌ನಲ್ಲಿ ಆಗಿತ್ತು. ಆದರೆ ಈ ಕರಡಿನ ಬಗ್ಗೆ ಒಂದು ತಕರಾರು ಇದೆ. ‘ಆಗದಿದ್ದರೆ ಈ ವರ್ಷವೇ ಬರುತ್ತೇನೆ’ ಎಂದರೆ ಅವರು ಸುಲಭವಾಗಿ ‘ಆಗುವುದಿಲ್ಲ’ ಎನ್ನುತ್ತಾರಲ್ಲ? ನಮ್ಮ ಕೈಯಲ್ಲಿರುವ ಎಲೆಯನ್ನು ನಾವೇ ತೋರಿಸಿದಂತೆ. ಹಾಗೆಯೇ ವಿದ್ಯಾರ್ಥಿವೇತನದ ಪ್ರಶ್ನೆಯನ್ನು ಈಗ ಎತ್ತಬೇಡಿ. ಒಪ್ಪಿಗೆ ಬಂದ ಮೇಲೆ ಕೇಳಿ. ಇಲ್ಲದಿದ್ದರೆ ಕಡತ ಇನ್ನೊಂದು ವಿಭಾಗಕ್ಕೆ ಹೋಗಿ ಅಲ್ಲಿಯೇ ಮಲಗುತ್ತದೆ.

ಔಂಧ್ ಅಕ್ಕ · ಜುಲೈ 14, ಬೆಳಗ್ಗೆ 9:40

ಎಲೆ ತೋರಿಸುವ ಆಟ ಇದಲ್ಲ ಪಾಟೀಲರೇ. ಎದುರಿಗೆ ಕೂತವಳಿಗೆ ಗೆಲ್ಲುವುದೂ ಇಲ್ಲ, ಸೋಲುವುದೂ ಇಲ್ಲ. ನಿಯಮದಲ್ಲಿ ಅವಕಾಶವಿದ್ದು, ಮುಂದಿನ ವರ್ಷ ಕೋರ್ಸ್ ನಡೆಯುತ್ತದೆಂದಾದರೆ ಸಾಮಾನ್ಯವಾಗಿ ಒಪ್ಪುತ್ತಾರೆ. ಆ ಸಾಲು ಇಲ್ಲದಿದ್ದರೆ ನಷ್ಟ ಹುಡುಗಿಗೆ ಮಾತ್ರ.

ವಿದ್ಯಾರ್ಥಿವೇತನದ ವಿಷಯದಲ್ಲಿ ನೀವು ಹೇಳಿದ್ದರಲ್ಲಿ ಹುರುಳಿದೆ. ಬೇರೆ ವಿಭಾಗಕ್ಕೆ ಹೋಗಿ ತಡವಾಗುವುದು ನಿಜ. ಆದರೆ ಒಪ್ಪಿಗೆ ಬಂದ ಮೇಲೆ ವೇತನ ಇಲ್ಲವೆಂದು ಗೊತ್ತಾದರೆ, ಆಗ ತಿರುಗಿ ಈ ವರ್ಷಕ್ಕೆ ಬರಲು ಕ್ಯಾಸ್ ಮತ್ತು ವೀಸಾಕ್ಕೆ ಸಮಯವಿರುವುದಿಲ್ಲ. 3,000 ಪೌಂಡ್ ಅವಳ ತೀರ್ಮಾನವನ್ನು ಬದಲಿಸುವಷ್ಟು ದೊಡ್ಡದೋ ಎಂಬುದರ ಮೇಲೆ ಇದು ನಿಂತಿದೆ. ಅದನ್ನು ನಾನು ಹೇಳಲಾರೆ.

ಕಳುಹಿಸುವುದಾದರೆ ಬೇಗ ಕಳುಹಿಸು ತಂಗೀ. ಅಲ್ಲಿನ ಹನ್ನೆರಡನೆಯ ತರಗತಿಯ ಎ-ಲೆವೆಲ್ ಫಲಿತಾಂಶ ಆಗಸ್ಟ್ 14ಕ್ಕೆ ಇದೆ. ಆ ವಾರ ಪ್ರವೇಶ ವಿಭಾಗದಲ್ಲಿ ಎಲ್ಲರ ಕಿವಿಯಲ್ಲೂ ಫೋನೇ ಇರುತ್ತದೆ. ಪದವಿಯ ಹುಡುಗರ ಗದ್ದಲಕ್ಕೆ ನಮ್ಮ ಸ್ನಾತಕೋತ್ತರ ಮೇಜಿನಿಂದಲೂ ಜನರನ್ನು ಎಳೆದುಕೊಂಡು ಹೋಗುತ್ತಿದ್ದರು. ಆಗ ಬಂದ ಪತ್ರ ಸೆಪ್ಟೆಂಬರಿನವರೆಗೂ ಕೂತದ್ದುಂಟು.

ಹಡಪ್ಸರ್ ಅಮ್ಮ · ಜುಲೈ 14, ಮಧ್ಯಾಹ್ನ 3:15

ಉತ್ತರ ಬರದಿದ್ದರೆ ದಿನಾಲೂ ನೆನಪಿಸಬೇಕಲ್ಲವೇ? ನಾವು ಹಾಗೆಯೇ ಮಾಡಿದೆವು.

ಔಂಧ್ ಅಕ್ಕ · ಜುಲೈ 14, ಮಧ್ಯಾಹ್ನ 3:40

ಬೇಡಮ್ಮಾ. ಕೆಲವು ವ್ಯವಸ್ಥೆಗಳಲ್ಲಿ ಹೊಸ ಪತ್ರ ಬಂದ ಕೂಡಲೇ ಹಳೆಯದು ಅದರೊಂದಿಗೆ ಸೇರಿ ಸರತಿಯ ಬಾಲಕ್ಕೆ ಹೋಗುತ್ತದೆ. ಸ್ವಯಂಚಾಲಿತ ಉತ್ತರದಲ್ಲಿ ಎಷ್ಟು ಕೆಲಸದ ದಿನ ಎಂದಿರುತ್ತದೆಯೋ ಅಷ್ಟು ದಿನ ಕಾಯಬೇಕು. ದಾಟಿದ ಮೇಲೆ ಅದೇ ಪತ್ರಕ್ಕೆ ಉತ್ತರವಾಗಿ ಎರಡು ಸಾಲು ಬರೆಯಬೇಕು. ಶನಿವಾರ, ಭಾನುವಾರ ಲೆಕ್ಕಕ್ಕಿಲ್ಲ.

ವಾಶಿ ಹುಡುಗಿ · ಜುಲೈ 15, ಮಧ್ಯಾಹ್ನ 2:05

1:40ಕ್ಕೆ ಕಳುಹಿಸಿದೆ. ಅಲ್ಲಿ ಆಗ ಬೆಳಗಿನ 9:10. ವಿದ್ಯಾರ್ಥಿವೇತನದ ಸಾಲನ್ನು ಉಳಿಸಿಕೊಂಡೆ. ಅದಿಲ್ಲದಿದ್ದರೆ ಈ ವರ್ಷವೇ ಹೋಗಿಬಿಡು ಎಂದು ಅಪ್ಪ, ಬೇಡ ಎಂದು ಅಮ್ಮ. ಹತ್ತು ಕೆಲಸದ ದಿನ ಎಂದು ಸ್ವಯಂಚಾಲಿತ ಉತ್ತರ ಬಂದಿದೆ. ಎಣಿಸಿದರೆ 29ನೆಯ ತಾರೀಕು.

ವಾಶಿ ಹುಡುಗಿ · ಜುಲೈ 28, ಸಂಜೆ 6:30

ಒಂದು ದಿನ ಮೊದಲೇ ಉತ್ತರ ಬಂತು, ಐದೇ ಸಾಲು. ಪೋರ್ಟಲ್‌ನಲ್ಲಿ ಮುಂದೂಡಿಕೆಯ ಫಾರ್ಮ್ ತೆರೆದಿದ್ದೇವೆ, ಆಗಸ್ಟ್ 8ರ ಒಳಗೆ ತುಂಬಿ, ಆಸ್ಪತ್ರೆಯಿಂದ ಒಂದು ಪುಟದ ಪತ್ರ ಸೇರಿಸಿ. ಅಲ್ಲಿಯವರೆಗೆ ಸೆಪ್ಟೆಂಬರ್ 2025ರ ಸ್ಥಾನ ಹಾಗೆಯೇ ಇರುತ್ತದೆ. ಕ್ಯಾಸ್ ಕೊಡುವುದನ್ನು ಅವರೇ ತಡೆದಿದ್ದಾರೆ. ವಿದ್ಯಾರ್ಥಿವೇತನದ ಪ್ರಶ್ನೆಯನ್ನು ಸಂಬಂಧಪಟ್ಟ ವಿಭಾಗಕ್ಕೆ ಕಳುಹಿಸಿದ್ದೇವೆ ಎಂದಿದ್ದಾರೆ. ಅಲ್ಲಿಂದ ಏನೂ ಇಲ್ಲ.

ಪಣಜಿ ಪಾಟೀಲ · ಜುಲೈ 28, ಸಂಜೆ 6:52

ನಾನು ಹೇಳಲಿಲ್ಲವೇ, ಇನ್ನೊಂದು ವಿಭಾಗ!

ಔಂಧ್ ಅಕ್ಕ · ಜುಲೈ 28, ರಾತ್ರಿ 8:10

ಹೇಳಿದಿರಿ. ತಂಗೀ, ಫಾರ್ಮ್ ತುಂಬಿ ಇಟ್ಟುಕೋ, 7ನೆಯ ತಾರೀಕಿನವರೆಗೆ ಸಲ್ಲಿಸಬೇಡ. 4ಕ್ಕೆ ಆ ವಿಭಾಗಕ್ಕೆ ಒಮ್ಮೆ ಬರೆ, 8ರ ಗಡುವನ್ನು ತಿಳಿಸು. ಬಂದರೆ ಬಂತು. ಬರದಿದ್ದರೆ ವೇತನ ಇಲ್ಲವೆಂದೇ ಇಟ್ಟುಕೊಂಡು ತೀರ್ಮಾನ ಮಾಡು. 6ಕ್ಕೆ ಆಸ್ಪತ್ರೆಯಲ್ಲಿರುತ್ತೀ, ಲಾಗಿನ್ ಮತ್ತು ಆಸ್ಪತ್ರೆಯ ಪತ್ರದ ಪಿಡಿಎಫ್ ಮೊಬೈಲಿನಲ್ಲಿಯೇ ಇರಲಿ.

ಠಾಣೆ ಅಜ್ಞಾತ · ಜುಲೈ 28, ರಾತ್ರಿ 9:25

ನಡುವೆ ಬಾಯಿ ಹಾಕುತ್ತಿದ್ದೇನೆ. ನನ್ನದು ಇದೇ ಕಥೆ, ಆದರೆ ನನಗೆ ವೀಸಾ ಆಗಲೇ ಬಂದಿದೆ. ನಾನೂ ಹೀಗೆಯೇ ಬರೆಯಬಹುದೇ?

ಔಂಧ್ ಅಕ್ಕ · ಜುಲೈ 28, ರಾತ್ರಿ 9:44

ಇದೇ ಪತ್ರ ಸಾಲದು. ಮುಂದೂಡಿದರೆ ಅವರು ಅದನ್ನು ಸರಕಾರಕ್ಕೆ ತಿಳಿಸಲೇಬೇಕು, ಆ ವೀಸಾ ರದ್ದಾಗುತ್ತದೆ. ಮುಂದಿನ ವರ್ಷ ಹೊಸ ಕ್ಯಾಸ್, ಹೊಸ ಅರ್ಜಿ, ಹೊಸ ಶುಲ್ಕ. ಬೇರೆ ಚರ್ಚೆ ತೆರೆಯಿರಿ, ವೀಸಾದ ದಿನಾಂಕಗಳನ್ನು ಹಾಕಿ.

ಮಾಟುಂಗಾ ಮಾವ · ಜುಲೈ 28, ರಾತ್ರಿ 10:15

ವಾಶಿ ಮಗಳೇ, 6ನೆಯ ತಾರೀಕು ರಕ್ತ ಬೇಕಾದರೆ ಇಲ್ಲಿ ಹೇಳು. ನಮ್ಮ ಕಡೆಯ ಹುಡುಗರು ನಾಲ್ಕು ಜನ ಇದ್ದಾರೆ. ಯಾವ ಗುಂಪು?

ವಾಶಿ ಹುಡುಗಿ · ಜುಲೈ 28, ರಾತ್ರಿ 10:21

ಬಿ ಪಾಸಿಟಿವ್, ಮಾವ. ನಾಳೆ ಬೆಳಗ್ಗೆ ಆಸ್ಪತ್ರೆಗೆ ಹೋಗುವವಳಿದ್ದೇನೆ, ಆ ಒಂದು ಪುಟದ ಪತ್ರಕ್ಕೆ. ಎಷ್ಟು ಬಾಟಲಿ ಎಂದು ಕೇಳಿಕೊಂಡು ಬಂದು ತಿಳಿಸುತ್ತೇನೆ.